ರೀಫಂಡ್ ಮೇಲ್ ಡ್ರಾಫ್ಟ್ ಓದಿದೆ

ಎರಡು ಸಲ ಹಣ ಕಟ್ ಆದವರಿಗೆ ಕಳಿಸೋ ಮೇಲ್‌ನ ಡ್ರಾಫ್ಟ್ ಎರಡು ಸಲ ಓದಿದೆ. ನಿನ್ನ ಫೈಲ್‌ನಲ್ಲಿ ಏನೂ ಅಳಿಸಿಲ್ಲ, ಎಲ್ಲಾ ಸಜೆಷನ್ ಮೋಡ್‌ನಲ್ಲೇ ಇದೆ, ನಾನು ಕೊಟ್ಟ ಕಾರಣ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ರಿಜೆಕ್ಟ್ ಮಾಡು.

ಮುಖ್ಯವಾದದ್ದು ಮೊದಲ ಪ್ಯಾರಾ. 'ತಾಂತ್ರಿಕ ಕಾರಣಗಳಿಂದ ವ್ಯತ್ಯಯ ಉಂಟಾಗಿರುತ್ತದೆ' ಅಂತ ಶುರು ಮಾಡಿದೀಯ, ಆದ್ರೆ ಓದೋರು ಮೊದಲು ಹುಡುಕೋದು ತಮ್ಮ ದುಡ್ಡು ಎಲ್ಲಿ ಹೋಯ್ತು ಅಂತ, ಆ ಉತ್ತರಾನ ನೀನೇ ನಾಲ್ಕನೇ ಪ್ಯಾರಾದಲ್ಲಿ ಎಷ್ಟು ಚೆನ್ನಾಗಿ ಬರ್ದಿದೀಯ, 'ಎರಡನೇ ಸಲ ಕಟ್ ಆದ ಹಣ 5 ದಿನದಲ್ಲಿ ವಾಪಸ್ ಬರುತ್ತೆ' ಅಂತ, ಅದನ್ನೇ ಮೇಲಕ್ಕೆ ತಂದೆ, ಒಂದು ಪದಾನೂ ಬದಲಾಯಿಸಿಲ್ಲ. ಆ 5 ದಿನ ರಜೆ ಸೇರಿಸಿಯೋ ಬಿಟ್ಟೋ? ಅಲ್ಲಿ ನಾನು ತಿದ್ದಿಲ್ಲ, ಪ್ರಶ್ನೆ ಹಾಕಿದೀನಿ, ಅಕೌಂಟ್ಸ್‌ನವರನ್ನ ಕೇಳಿ ನೀನೇ ತುಂಬು.

'ನೀವು ಎರಡು ಸಲ ಪೇಮೆಂಟ್ ಮಾಡಿದ್ದೀರಿ' ಅನ್ನೋದನ್ನ 'ನಮ್ಮ ಸಿಸ್ಟಮ್ ಎರಡು ಸಲ ಹಣ ಕಟ್ ಮಾಡಿದೆ' ಅಂತ ಮಾಡಿದೀನಿ, ಯಾಕಂದ್ರೆ ತಪ್ಪು ನಮ್ಮದು, ನೀನು ಬರ್ದಿರೋ ಹಾಗೇ ಬಿಟ್ರೆ ಅವರದ್ದೇ ತಪ್ಪು ಅನ್ನೋ ಥರ ಕೇಳಿಸುತ್ತೆ.

ಕಾಗುಣಿತ ಎರಡು ಕಡೆ, ಅಷ್ಟೇ. ಕ್ಷಮೆ ಕೇಳೋ ಸಾಲು ನಂಗೆ ತುಂಬಾ ಇಷ್ಟ ಆಯ್ತು, ಯಾರು ಹೇಳಿದ್ರೂ ಅದನ್ನ ಉದ್ದ ಮಾಡ್ಬೇಡ.

4 ಗಂಟೆ ಮೇಲೆ ಫ್ರೀ ಇದೀನಿ, ಯಾವುದಾದ್ರೂ ಸರಿ ಅನಿಸ್ಲಿಲ್ಲ ಅಂದ್ರೆ ಕಾಲ್ ಮಾಡು.