ಜಮೀನು ಪಾಲಿನ ಬಗ್ಗೆ ಅಕ್ಕನ ಪತ್ರ

ತುಮಕೂರು

ಪ್ರೀತಿಯ ಮಂಜು, ರವಿ, ಸುಮಾ,

ಫೋನಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ಒಬ್ಬರಲ್ಲ ಒಬ್ಬರಿಗೆ ಬೇಜಾರಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ಅಪ್ಪ ಹೋಗಿ ವರ್ಷವಾಯಿತು. ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಅಪ್ಪನ ಹೆಸರೇ ಇದೆ, 11ರಲ್ಲಿ ಸೊಸೈಟಿ ಸಾಲ ಕೂತಿದೆ. ಹೀಗೇ ಬಿಟ್ಟರೆ ನಾಳೆ ನಮ್ಮ ಮಕ್ಕಳು ಹತ್ತು ಜನ ಸೇರಿ ಸಹಿ ಹಾಕಬೇಕು. ಯಾರು ಎಲ್ಲಿರುತ್ತಾರೋ!

ಮೊದಲು ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ನನಗೂ ಸುಮಾಗೂ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸಹಿ ತಗೊಳ್ಳುವ ಮಾತು ಮನೆಯಲ್ಲಿ ಬಂದಿದೆ ಅಂತ ಗೊತ್ತು. ಅದು ಬೇಡ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಇನ್ನೂ ಸ್ಪಷ್ಟ ಮಾಡಿದೆ. ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯುವುದಾದರೆ ರವಿಯ ಇಂಜಿನಿಯರಿಂಗ್ ಫೀಸನ್ನೂ ಕಳೆಯಬೇಕಾಗುತ್ತದೆ. ಆ ಲೆಕ್ಕ ಯಾರಿಗೂ ಬೇಡ, ಅಲ್ವಾ? ಹಾಗಂತ ಗುಂಟೆ ಗುಂಟೆ ಸಮ ಮಾಡಿ ಅಂತಲೂ ನಾನು ಹೇಳುತ್ತಿಲ್ಲ. ಹದಿನೈದು ವರ್ಷ ಆ ಮಣ್ಣಿನಲ್ಲಿ ದುಡಿದವನು ಮಂಜು. ತೋಟ ಅವನ ಕೈಬಿಟ್ಟರೆ ಒಣಗುತ್ತದೆ.

ಒಟ್ಟು 6 ಎಕರೆ 20 ಗುಂಟೆ. ನನ್ನ ಸಲಹೆ ಹೀಗಿದೆ. ತೆಂಗಿನ ತೋಟ 2 ಎಕರೆ 20 ಗುಂಟೆಯಲ್ಲಿ ಬೋರ್‌ವೆಲ್ ಇರುವ ಕಡೆಯ 1 ಎಕರೆ 20 ಗುಂಟೆ ಮಂಜುಗೆ, ಉಳಿದ 1 ಎಕರೆ ಅಮ್ಮನಿಗೆ. ರಸ್ತೆ ಪಕ್ಕದ 1 ಎಕರೆ ರವಿಗೆ. ಅಳತೆ ಕಮ್ಮಿ, ಆದರೆ ಆ ಜಾಗಕ್ಕೇ ಬೆಲೆ ಜಾಸ್ತಿ. ರಾಗಿ ಹೊಲ 3 ಎಕರೆಯಲ್ಲಿ ನನಗೂ ಸುಮಾಗೂ ತಲಾ 1 ಎಕರೆ 20 ಗುಂಟೆ. ನನ್ನ ಭಾಗದ ಬೇಸಾಯ ಮಂಜು ಮಾಡಿಕೊಳ್ಳಲಿ, ಮನೆಗೆ ಎರಡು ಮೂಟೆ ರಾಗಿ ಕಳಿಸಿದರೆ ಸಾಕು.

ಅಮ್ಮನ ಎಕರೆಯನ್ನೂ ಮಂಜುನೇ ನೋಡಿಕೊಳ್ಳಬೇಕಾಗುತ್ತದೆ. ಖರ್ಚು ಕಳೆದು ಕೊಬ್ಬರಿ ದುಡ್ಡು ಅಮ್ಮನ ಖಾತೆಗೇ ಹೋಗಲಿ. ಮಾತ್ರೆಗೆ ಮಕ್ಕಳ ಹತ್ತಿರ ಕೈಚಾಚುವುದು ಅವಳಿಗೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅವಳ ನಂತರ ಅದು ಯಾರಿಗೆ ಅಂತ ಈಗ ಬರೆಯುವುದು ಬೇಡ. ಅದು ಅವಳ ಇಷ್ಟ.

ಜಗಳ ಬರುವುದು ನೆಲಕ್ಕಿಂತ ನೀರಿಗೆ. ಬೋರ್‌ವೆಲ್ ಮಂಜು ಭಾಗದಲ್ಲಿದ್ದರೂ ಅಮ್ಮನ ತೋಟಕ್ಕೆ ನೀರಿನ ಹಕ್ಕು ಇದೆ ಅಂತ ಪತ್ರದಲ್ಲೇ ಬರಬೇಕು: ಐದು ದಿನದಲ್ಲಿ ಎರಡು ದಿನ ಅಮ್ಮನ ಸರದಿ. ಮೋಟಾರು ಸುಟ್ಟರೆ ರಿಪೇರಿ ಖರ್ಚೂ ಅದೇ ಲೆಕ್ಕ. ಪಂಪ್‌ಸೆಟ್ಟಿನ ಆರ್.ಆರ್. ನಂಬರ್ ಮಂಜು ಹೆಸರಿಗೆ ಆಗಲಿ. ಹೊಲಕ್ಕೆ ಹೋಗಲು ತೋಟದ ಪಡುವಣ ಬದುವಿನ ಉದ್ದಕ್ಕೂ ಹತ್ತು ಅಡಿ ಗಾಡಿ ದಾರಿ ಬಿಡಬೇಕು. ಬದುವಿನ ಹುಣಸೆ ಮರ ಕಡಿಯುವಂತಿಲ್ಲ, ಹಣ್ಣು ನಾಲ್ಕು ಮನೆಗೂ. ಸಣ್ಣ ವಿಷಯ ಅನ್ನಬೇಡಿ. ದೊಡ್ಡಪ್ಪನ ಮನೆಯವರು ಒಂದು ಬದುವಿಗೆ ಈಗಲೂ ಮಾತು ಬಿಟ್ಟು ಕೂತಿದ್ದಾರೆ. ಅಲ್ಲಿ ಊರ ಹಿರಿಯರ ಮುಂದೆ ಬಾಯಲ್ಲೇ ಪಾಲು ಆಗಿತ್ತು.

ಸೊಸೈಟಿಯಲ್ಲಿ ಉಳಿದಿರುವ 1,80,000 ರೂಪಾಯಿಯನ್ನು ನಾವು ನಾಲ್ವರೂ ತಲಾ 45,000 ಹಾಕಿ ತೀರಿಸೋಣ. ಬೋರ್‌ವೆಲ್ ಮಂಜುಗೆ ಹೋಗುತ್ತಿದೆಯಲ್ಲ, ಅವನೇ ಹೆಚ್ಚು ಹಾಕಬೇಕಲ್ವಾ ಅಂತ ರವಿ ಕೇಳಬಹುದು. ಹಿಂದಿನ ಎರಡು ಕಂತು ಮಂಜು ಒಬ್ಬನೇ ಕಟ್ಟಿದ್ದಾನೆ. ಅಲ್ಲಿಗೆ ಸರಿಹೋಯಿತು. ಇನ್ನು, ಯಾರಾದರೂ ತಮ್ಮ ಭಾಗ ಮಾರುವುದಾದರೆ ಮೊದಲು ಒಡಹುಟ್ಟಿದವರನ್ನು ಕೇಳಿ, ಮೂರು ತಿಂಗಳು ಕಾಯಬೇಕು. ಸುಮಾ, ನಿನ್ನ ಯಜಮಾನರು ಇದಕ್ಕೆ ಒಪ್ಪುತ್ತಾರಾ, ಕೇಳಿ ತಿಳಿಸು.

ಬಿಳಿ ಹಾಳೆಯಲ್ಲಿ ಪಾಲುಪಟ್ಟಿ ಬರೆದು ಪೆಟ್ಟಿಗೆಯಲ್ಲಿಟ್ಟರೆ ಖಾತೆ ಬದಲಾಗುವುದಿಲ್ಲ. ವಂಶವೃಕ್ಷ ಮಾಡಿಸಿ ಮೊದಲು ಪೌತಿ ಖಾತೆ ಆಗಬೇಕು. ಆಮೇಲೆ ಸರ್ವೆಯವರಿಂದ 11ಇ ನಕ್ಷೆ. ಅದು ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ ನೋಂದಣಿ ಮಾಡಿಸಿದರೆ ಅವರವರ ಹೆಸರಿಗೆ ಪಹಣಿ ಬರುತ್ತದೆ. ಓಡಾಟಕ್ಕೆ ನಾನಿದ್ದೇನೆ. ಖರ್ಚು ನಾಲ್ಕು ಪಾಲು.

ಇದೇ ಕೊನೇ ಮಾತಲ್ಲ. ತೋಟ, ರಸ್ತೆ ಪಕ್ಕದ್ದು ಅದಲು ಬದಲು ಆಗಬೇಕು ಅನ್ನಿಸಿದರೆ ಹೇಳಿ. ಆದರೆ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಬೇಡಿ, ನನ್ನ ಹಾಗೆ ಬರೆದು ಕಳಿಸಿ. ಹೊಸತೊಡಕಿನ ದಿನ ಹೇಗೂ ಎಲ್ಲರೂ ಊರಿಗೆ ಬರುತ್ತೀರಿ. ಊಟ ಆದ ಮೇಲೆ ಅಮ್ಮನ ಮುಂದೆ ಕೂತು ಓದಿ, ಒಪ್ಪಿದ್ದಕ್ಕೆ ಸಹಿ ಹಾಕೋಣ. ಅದನ್ನೇ ವಕೀಲರಿಗೆ ಕೊಟ್ಟರೆ ವಿಭಾಗ ಪತ್ರ ಬರೆಯುತ್ತಾರೆ. ಅಪ್ಪನ ಮರಣ ಪ್ರಮಾಣ ಪತ್ರ ಮಂಜು ಹತ್ತಿರ ಇದೆ. ಉಳಿದವರು ಆಧಾರ್ ಕಾರ್ಡ್, ಎರಡು ಫೋಟೋ ತನ್ನಿ.

ನಿಮ್ಮ ಅಕ್ಕ,
ಶಾರದಾ