ನಿಮ್ಮಪ್ಪನ ಉಯಿಲಿನಲ್ಲಿ ಏನಿದೆ

ಮಕ್ಕಳೇ, ಗಂಗಾವತಿಯಲ್ಲಿ ಬರೆಸಿದ 2016ರ ಉಯಿಲು, ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿ ಪತ್ರ, ಅಂದರೆ 2022ರ ಕೋಡಿಸಿಲ್, ಎರಡನ್ನೂ ಓದಿದೆ. ಎರಡಕ್ಕೂ ಇಬ್ಬಿಬ್ಬರು ಸಾಕ್ಷಿಗಳ ಸಹಿ ಇದೆ.

ಮನೆ ಅವ್ವನಿಗೆ. ನಾಲ್ಕು ಎಕರೆ ಗದ್ದೆ ದೊಡ್ಡವನಿಗೆ, ಆದರೆ ಅವ್ವ ಇರುವ ತನಕ ವರ್ಷಕ್ಕೆ ಹತ್ತು ಚೀಲ ಅಕ್ಕಿ ಕೊಡಬೇಕು. ಬ್ಯಾಂಕಿನ ಠೇವಣಿ ಪೂರ್ತಿ ಚಿಕ್ಕವನಿಗಿತ್ತು. ಕೋಡಿಸಿಲ್‌ನಲ್ಲಿ ಅರ್ಧ ತಂಗಿಗೆ ಬಂದಿದೆ. ಉಯಿಲಿನಂತೆ ಆಸ್ತಿ ಹಂಚಿಕೊಡುವ ಎಕ್ಸಿಕ್ಯೂಟರ್ ಆಗಿದ್ದ ದೊಡ್ಡಪ್ಪ ತೀರಿಕೊಂಡಿದ್ದರಿಂದ ನನ್ನ ಹೆಸರು ಹಾಕಿದ್ದಾರೆ.

ತೊಡಕು ಒಂದೇ ಸಾಲಿನಲ್ಲಿದೆ: ‘ಕಾಲುವೆ ಪಕ್ಕದ ಹೊಲ ಮಗಳಿಗೆ’. ಎಡದಂಡೆ ಕಾಲುವೆ ಪಕ್ಕ ನಿಮ್ಮವು ಎರಡು ಹೊಲ ಇವೆ, ಅಲ್ವಾ? ಸರ್ವೆ ನಂಬರ್ ಬರೆದಿಲ್ಲ. ಸುಮ್ನೆ ಊಹಿಸಿ ಹಂಚಲು ನನಗೆ ಮನಸ್ಸಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 80ನೇ ಕಲಂ ಪ್ರಕಾರ ಇಂಥ ಗೊಂದಲಕ್ಕೆ ಹೊರಗಿನ ಸಾಕ್ಷ್ಯ ನೋಡಬಹುದು. ಅಪ್ಪ ಗುರುತು ಹಾಕಿದ ಹಳೇ ಪಹಣಿ, ಕಾಗದ ಸಿಕ್ಕರೆ ತನ್ನಿ. ಅಲ್ಲಿಯವರೆಗೆ ಆ ಎರಡೂ ಹೊಲ ಯಾರೂ ಮಾರಬೇಡಿ.

ನಿಮ್ಮ ಸೋದರಮಾವ