ಬ್ಯಾಕ್ ಟ್ರಾನ್ಸ್‌ಲೇಷನ್ ತಪಾಸಣೆ ವರದಿ: ಡೆಂಗ್ಯೂ ಔಷಧ ಅಧ್ಯಯನದ ಒಪ್ಪಿಗೆ ಪತ್ರ, ವಿಯೆಟ್ನಾಮೀಸ್, ಆವೃತ್ತಿ 2

ಪ್ರಾಜೆಕ್ಟ್ ಲೀಡ್ ಅವರಿಗೆ,

ಇಂಗ್ಲಿಷ್ ಮೂಲ, ವಿಯೆಟ್ನಾಮೀಸ್ ಅನುವಾದ, ಅದರಿಂದ ಮತ್ತೆ ಇಂಗ್ಲಿಷ್‌ಗೆ ಬಂದ ಪ್ರತಿ, ಮೂರನ್ನೂ ಸಾಲು ಸಾಲಾಗಿ ಹೋಲಿಸಿದ್ದೇನೆ. ನನಗೆ ವಿಯೆಟ್ನಾಮೀಸ್ ಬರುವುದಿಲ್ಲ. ಹಾಗಾಗಿ ಅನುಮಾನ ಬಂದ ಕಡೆಯೆಲ್ಲ ಹೋ ಚಿ ಮಿನ್ ಸಿಟಿಯ ನಮ್ಮ ಭಾಷಾ ಪರಿಶೀಲಕಿಯ ಜೊತೆ ಫೋನಿನಲ್ಲಿ ಕೂತು ಪದ ಪದವಾಗಿ ನೋಡಿದೆ. ಈ ಆವೃತ್ತಿಯನ್ನು ಎಥಿಕ್ಸ್ ಕಮಿಟಿಗೆ ಕಳಿಸಬೇಡಿ. ನಾಲ್ಕು ಪುಟಗಳಲ್ಲಿ ಅರ್ಥವೇ ಬದಲಾಗಿದೆ.

ಪುಟ 4, ಮನೆಗೆ ಹೋದ ಮೇಲಿನ ಎಚ್ಚರಿಕೆ. ಇದು ಅತಿ ಗಂಭೀರ. ಮೂಲದಲ್ಲಿ ಇರುವುದು: ‘ಜ್ವರ ಇಳಿದ ಮೇಲೂ ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ.’ ತಿರುಗಿ ಬಂದದ್ದು: ‘ಜ್ವರದ ಔಷಧ ತೆಗೆದುಕೊಂಡ ನಂತರ’ ಹೀಗಾದರೆ ಬನ್ನಿ. ಅನುವಾದಕರು ಬಳಸಿದ ‘ಹಾ ಸೋತ್’ ಎಂಬ ಮಾತಿಗೆ ಜ್ವರ ಇಳಿಯುವುದು, ಜ್ವರ ಇಳಿಸುವುದು ಎರಡೂ ಅರ್ಥ ಇದೆ. ಅಂಗಡಿಯಲ್ಲಿ ಕೇಳುವ ಜ್ವರದ ಮಾತ್ರೆಗೂ ಇದೇ ಹೆಸರು. ಡೆಂಗ್ಯೂನಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಬಿಟ್ಟಾಗ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಜ್ವರ ಹೋಯ್ತು ಅಂತ ಮನೆಯವರು ನೆಮ್ಮದಿಯಿಂದ ಇರುವಾಗಲೇ ರೋಗಿ ಕುಸಿಯಬಹುದು. ‘ಜ್ವರ ಪೂರ್ತಿ ಬಿಟ್ಟಿದ್ದರೂ’ ಎಂದು ಬರುವಂತೆ ‘ಹೇತ್ ಸೋತ್’ ಹಾಕಲು ಪರಿಶೀಲಕಿ ಹೇಳಿದ್ದಾರೆ.

ಅದೇ ಪುಟದ ಕೆಳಗೆ, ಆಸ್ಪಿರಿನ್, ಐಬುಪ್ರೊಫೆನ್ ಬೇಡ ಎಂಬ ಸಾಲು ‘ನೋವಿನ ಮಾತ್ರೆ ಬೇಡ’ ಎಂದಾಗಿದೆ. ಹೀಗೆ ಓದಿದವರು ಪ್ಯಾರಾಸಿಟಮಾಲ್ ಅನ್ನೂ ಬಿಟ್ಟುಬಿಡುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್ ಬೇಡ ಅನ್ನುವುದು ರಕ್ತಸ್ರಾವದ ಭಯಕ್ಕೆ, ಪ್ಯಾರಾಸಿಟಮಾಲ್ ಮಾತ್ರ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡುವಂಥದ್ದು. ಮಾತ್ರೆಗಳ ಹೆಸರನ್ನೇ ಬರೆಯಬೇಕು.

ಪುಟ 2, ಪ್ಲಸೀಬೊ. ‘ತುವಕ್ ಯಾ’ ಎಂದಿದೆ. ಅದು ಖೋಟಾ ಔಷಧಿ, ಅಂದರೆ ಪೊಲೀಸರು ಹಿಡಿಯುವ ನಕಲಿ ಮಾಲು. ಆಸ್ಪತ್ರೆಯೇ ನಕಲಿ ಔಷಧಿ ಕೊಡುತ್ತದೆ ಎಂದು ಓದಿದರೆ ಯಾರು ಸಹಿ ಹಾಕುತ್ತಾರೆ? ವೈದ್ಯರ ಪದ ‘ಯಾ ಯುವಕ್’. ಅದನ್ನು ಹಾಕಿ, ಪಕ್ಕದಲ್ಲೇ ‘ನೋಡಲು ಔಷಧಿಯಂತೆಯೇ ಇರುತ್ತದೆ, ಒಳಗೆ ಔಷಧಿ ಇರುವುದಿಲ್ಲ’ ಎಂದು ಬಿಡಿಸಿ ಹೇಳಲಿ. ಬರೀ ಪದ ಬದಲಿಸಿದರೆ ಸಾಲದು.

ಪುಟ 6, ಅಧ್ಯಯನ ಬಿಡುವ ಹಕ್ಕು. ‘ಯಾವಾಗ ಬೇಕಾದರೂ ಬಿಡಬಹುದು’ ಎಂಬುದು ‘ಬಿಡಲು ಕೇಳಿಕೊಳ್ಳಬಹುದು’ ಎಂದಾಗಿದೆ. ಮರ್ಯಾದೆಗೆ ಸೇರಿಸಿದ ‘ಸಿನ್’ ಎಂಬ ಪುಟ್ಟ ಪದ ಇದಕ್ಕೆ ಕಾರಣ. ಅನುವಾದಕರ ಉದ್ದೇಶ ಒಳ್ಳೆಯದೇ. ಆದರೆ ಕೇಳಿಕೊಳ್ಳಬೇಕು ಎಂದರೆ ಡಾಕ್ಟರು ಒಲ್ಲೆ ಎನ್ನಲೂಬಹುದು, ಅಲ್ವಾ? ಹಕ್ಕನ್ನು ಬೇಡಿಕೆ ಮಾಡಬಾರದು. ಆ ಪದ ತೆಗೆಯಿರಿ.

ಇನ್ನೊಂದು ದೋಷ ತಿರುಗಿ ಬಂದ ಪ್ರತಿಯಲ್ಲಿ ಕಾಣಲೇ ಇಲ್ಲ. ಪುಟ 5ರಲ್ಲಿ ‘ಉಳಿದ ರಕ್ತವನ್ನು ಏನು ಮಾಡಬೇಕೆಂದು ನಾವು ತೀರ್ಮಾನಿಸುತ್ತೇವೆ’ ಎಂದಿದೆ, ಎರಡೂ ಇಂಗ್ಲಿಷ್ ಪ್ರತಿಯಲ್ಲಿ ಅಕ್ಷರಶಃ ಒಂದೇ. ಆದರೆ ವಿಯೆಟ್ನಾಮೀಸ್‌ನಲ್ಲಿ ‘ನಾವು’ ಎರಡು ಥರ: ಕೇಳುವವರನ್ನು ಬಿಟ್ಟು ‘ಚುಂಗ್ ತೋಯ್’, ಸೇರಿಸಿ ‘ಚುಂಗ್ ತಾ’. ಮನೆಯಲ್ಲಿ ತುಳು ಆಡುವ ನನಗೆ ಇದು ತಕ್ಷಣ ಅರ್ಥವಾಯಿತು, ನಮ್ಮ ‘ಎಂಕುಲು’ ಮತ್ತು ‘ನಮ’ ಇದ್ದ ಹಾಗೆ. ಇಲ್ಲಿರುವುದು ‘ಚುಂಗ್ ತಾ’. ತನ್ನ ರಕ್ತದ ಬಗ್ಗೆ ತನ್ನನ್ನೂ ಕೇಳುತ್ತಾರೆ ಎಂದು ರೋಗಿ ನಂಬುತ್ತಾರೆ, ಪ್ರೋಟೋಕಾಲ್ ಪ್ರಕಾರ ಕೇಳುವುದಿಲ್ಲ. ಇಡೀ ಪತ್ರದಲ್ಲಿ ‘ನಾವು’ ಬಂದ ಕಡೆಯೆಲ್ಲ ಇದನ್ನು ನೋಡಬೇಕು.

ಪ್ರಯಾಣ ಭತ್ಯೆ ‘200 ಡಾಂಗ್’ ಎಂದು ಬಂದಿರುವುದು ಬ್ಯಾಕ್ ಟ್ರಾನ್ಸ್‌ಲೇಟರ್ ತಪ್ಪು. ಅಲ್ಲಿ ಸಾವಿರಕ್ಕೆ ಚುಕ್ಕೆ ಹಾಕುತ್ತಾರೆ, 200.000 ಎಂದರೆ ಎರಡು ಲಕ್ಷ. ವಿಯೆಟ್ನಾಮೀಸ್ ಪ್ರತಿ ಸರಿ ಇದೆ, ಮುಟ್ಟಬೇಡಿ.

ಮೂಲದಲ್ಲೂ ಒಂದು ತಪ್ಪಿದೆ. ಗುಂಪು ಹಂಚುವುದು ‘ನಾಣ್ಯ ಚಿಮ್ಮಿದಂತೆ’ ಎನ್ನುತ್ತದೆ. ಆದರೆ ಮೂವರಲ್ಲಿ ಇಬ್ಬರಿಗೆ ಔಷಧಿ, ಒಬ್ಬರಿಗೆ ಪ್ಲಸೀಬೊ. ನಾಣ್ಯಕ್ಕೆ ಎರಡೇ ಮುಖ. ‘ಮೂರು ಚೀಟಿಯಲ್ಲಿ ಒಂದು ಎತ್ತಿದಂತೆ’ ಎಂದು ಬದಲಿಸಲು ಪ್ರಾಯೋಜಕರಿಗೆ ಬರೆಯಿರಿ. ಎಲ್ಲ ಭಾಷೆಗಳ ಪ್ರತಿಗೂ ಇದು ಬೇಕು.

ಪುಟ 7ರ ಗೋಪ್ಯತೆಯ ಭಾಗದಲ್ಲಿ ಅರ್ಥ ತಪ್ಪಿಲ್ಲ, ಆದರೆ ಒಂದೇ ವಾಕ್ಯ ಒಂಬತ್ತು ಸಾಲು ಓಡುತ್ತದೆ. ಪರಿಶೀಲಕಿಯೇ ಎರಡು ಸಲ ಓದಬೇಕಾಯಿತು. ಜ್ವರದಲ್ಲಿ ಮಲಗಿದವರು ಇದನ್ನು ಹೇಗೆ ಓದುತ್ತಾರೆ? ನಾಲ್ಕು ವಾಕ್ಯ ಮಾಡಿಸಿ.

ತಿದ್ದಿದ ಪ್ರತಿ ಶುಕ್ರವಾರದೊಳಗೆ ಬಂದರೆ ಪುಟ 2, 4, 5, 6ಕ್ಕೆ ಬೇರೊಬ್ಬರಿಂದ ಹೊಸ ಬ್ಯಾಕ್ ಟ್ರಾನ್ಸ್‌ಲೇಷನ್ ಮಾಡಿಸುತ್ತೇನೆ. ಅದಾದ ಮೇಲೆ, ಆಸ್ಪತ್ರೆ ಕೆಲಸಕ್ಕೆ ಸಂಬಂಧವಿಲ್ಲದ ಐದು ಜನರಿಗೆ ಅಲ್ಲಿಯೇ ಓದಿ ಹೇಳಿ, ‘ಜ್ವರ ಬಿಟ್ಟ ಮೇಲೆ ಹೊಟ್ಟೆ ನೋವು ಬಂದರೆ ಏನು ಮಾಡ್ತೀರಿ?’ ಎಂದು ಕೇಳಿಸೋಣ. ಅವರ ಉತ್ತರ ಬರುವವರೆಗೆ ನಾನು ಸರ್ಟಿಫಿಕೇಟ್‌ಗೆ ಸಹಿ ಹಾಕುವುದಿಲ್ಲ.